ಸೌಂದರ್ಯವರ್ಧಕಗಳ ಪ್ಯಾಕಿಂಗ್: ಸೊಲ್ಲಾಪುರ–ಅಕ್ಕಲಕೋಟ ಭಾಗದ ಸಣ್ಣ ಉದ್ದಿಮೆಯಲ್ಲಿ ಅಂದ ಮತ್ತು ಬೆಲೆ

ತಲೆಗೆಣ್ಣೆ, ಕುಂಕುಮ, ಮುಖಲೇಪ, ಶಾಂಪೂ ಮೊದಲಾದ ಪ್ರಸಾಧನ ಸಾಮಗ್ರಿಗಳನ್ನು ತುಂಬುವ ಬಾಟಲಿ ಅಥವಾ ಡಬ್ಬಿ, ಅದರ ಮುಚ್ಚಳ, ಒಳಸೀಲು, ಲೇಬಲ್, ಹೊರಗಿನ ರಟ್ಟಿನ ಪೆಟ್ಟಿಗೆ ಇವೆಲ್ಲ ಸೇರಿದ್ದೇ ಸೌಂದರ್ಯವರ್ಧಕಗಳ ಪ್ಯಾಕಿಂಗ್. ಪ್ಯಾಕಿಂಗ್ ಒಳಗಿನ ಸರಕನ್ನು ಕೆಡದಂತೆ ಕಾಯಬೇಕು, ಕಾನೂನು ಕೇಳುವ ವಿವರಗಳನ್ನು ಹೊರಬೇಕು, ಅಂಗಡಿಯ ಕಪಾಟಿನಲ್ಲಿ ಗಿರಾಕಿಯ ಕಣ್ಣು ಸೆಳೆಯಬೇಕು. ಹೊಸದಾಗಿ ಶುರುವಾದ ಬ್ರಾಂಡಿಗೆ ಈ ಮೂರನ್ನೂ ಕಡಿಮೆ ಖರ್ಚಿನಲ್ಲಿ ಹೊಂದಿಸುವುದೇ ಕಷ್ಟದ ಕೆಲಸ. ಸಾವಿರಾರು ಪೆಟ್ಟಿಗೆ ಮಾಲು ಮಾಡುವ ಕಂಪನಿಗೆ ಪೈಸೆಗಳಲ್ಲಿ ಬೀಳುವ ಖರ್ಚು, ಐನೂರು ಬಾಟಲಿ ತುಂಬುವವರಿಗೆ ರೂಪಾಯಿಗಳಲ್ಲಿ ಬೀಳುತ್ತದೆ. ಮಹಾರಾಷ್ಟ್ರದ ಗಡಿಯ ಸೊಲ್ಲಾಪುರ ಮತ್ತು ಅಕ್ಕಲಕೋಟದಲ್ಲಿ ಗಿಡಮೂಲಿಕೆ ತಲೆಗೆಣ್ಣೆ ಅಥವಾ ಕುಂಕುಮದಂಥ ಸರಕಿಗೆ ಪ್ಯಾಕಿಂಗ್ ಆರಿಸುವ ಬಗೆಯನ್ನು ಈ ಲೇಖನ ವಿವರಿಸುತ್ತದೆ.

## ಪ್ರದೇಶ ಮತ್ತು ಪೇಟೆ

ಸೊಲ್ಲಾಪುರ ಜಿಲ್ಲೆ ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳಿಗೆ ಹೊಂದಿಕೊಂಡಿದೆ. ನಗರದಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ದಿನಬಳಕೆಯ ಭಾಷೆಗಳು; ಅಕ್ಕಲಕೋಟ ತಾಲ್ಲೂಕಿನ ಹಳ್ಳಿಗಳಲ್ಲಿ ಕನ್ನಡದ ಬಳಕೆ ಹೆಚ್ಚು. ಸೊಲ್ಲಾಪುರ ಹೆಸರಾದದ್ದು ಚಾದರ ಮತ್ತು ಟವೆಲಿಗೆ. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆಂದು ವರ್ಷವಿಡೀ ಭಕ್ತರು ಬರುತ್ತಾರೆ, ಗುರುವಾರ ಅವರ ಸಂಖ್ಯೆ ಹೆಚ್ಚು. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ.

ಹೀಗಾಗಿ ಇಲ್ಲಿನ ಸಣ್ಣ ಬ್ರಾಂಡಿಗೆ ಎರಡು ಬಗೆಯ ಗಿರಾಕಿಗಳು. ಊರಿನ ಜನರಲ್ ಸ್ಟೋರಿನಲ್ಲಿ ತಿಂಗಳಿಗೊಮ್ಮೆ ಎಣ್ಣೆ ಕೊಳ್ಳುವವರು ಒಂದು ಬಗೆ. ಅವರು ಬೆಲೆ ನೋಡುತ್ತಾರೆ, ಬಾಟಲಿ ಸೋರದಿದ್ದರೆ ಮತ್ತೆ ಅದನ್ನೇ ಕೇಳುತ್ತಾರೆ. ಯಾತ್ರೆಗೆ ಬಂದು ಮನೆಯವರಿಗೆ ಏನಾದರೂ ಒಯ್ಯುವವರು ಇನ್ನೊಂದು ಬಗೆ. ಅವರು ಒಮ್ಮೆಗೆ ನೋಡಿ ಕೊಳ್ಳುತ್ತಾರೆ, ಚೀಲದಲ್ಲಿ ಹಾಕಿಕೊಂಡು ಬಸ್ಸು ರೈಲು ಹತ್ತುತ್ತಾರೆ. ಮೊದಲನೆಯವರಿಗೆ ಹೊರಪೆಟ್ಟಿಗೆ ಬೇಡ. ಎರಡನೆಯವರಿಗೆ ಒಡೆಯುವ ಗಾಜು ಬೇಡ. ಯಾರಿಗಾಗಿ ಪ್ಯಾಕ್ ಮಾಡುತ್ತಿದ್ದೇವೆ ಎಂಬುದು ಮೊದಲೇ ಸ್ಪಷ್ಟವಾದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಇಲ್ಲಿನ ಹವೆಯೂ ಒಂದು ಕಟ್ಟುಪಾಡು. ಬೇಸಿಗೆಯಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುವಷ್ಟು ತಂಪಿರುತ್ತದೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುವ ಎಣ್ಣೆ. ಒಂದೇ ಬಾಟಲಿ ಈ ಎರಡೂ ಕಾಲವನ್ನು ತಡೆದುಕೊಳ್ಳಬೇಕು.

## ಬೆಲೆಯಿಂದ ಹಿಂದಕ್ಕೆ ಲೆಕ್ಕ

ಹೊಸಬರು ಸಾಮಾನ್ಯವಾಗಿ ಮೊದಲು ಚೆಂದದ ಬಾಟಲಿ ಆರಿಸಿ, ಖರ್ಚನ್ನೆಲ್ಲ ಕೂಡಿಸಿ, ಕೊನೆಗೆ ಬೆಲೆ ಕಟ್ಟುತ್ತಾರೆ. ಬೆಲೆ ಕೈಮೀರುವುದು ಇದರಿಂದಲೇ. ಸರಿಯಾದ ದಾರಿ ಇದರ ತಿರುಗುಮುರುಗು. ಇದೇ ಬಗೆಯ ಸರಕಿಗೆ ತಾವು ಮಾರಲಿರುವ ಅಂಗಡಿಯಲ್ಲಿ ಜನ ಎಷ್ಟು ಕೊಡುತ್ತಿದ್ದಾರೆ ಎಂದು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಪ್ಯಾಕಿಂಗಿಗೆ ಎಷ್ಟು ಉಳಿಯುತ್ತದೆ ಎಂದು ತಿಳಿಯಬೇಕು.

100 ಮಿ.ಲೀ. ತಲೆಗೆಣ್ಣೆಯ ಉದಾಹರಣೆ ತೆಗೆದುಕೊಳ್ಳೋಣ. ಮುಂದಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ದರಗಳು ಪೇಟೆಯಿಂದ ಪೇಟೆಗೆ ಬೇರೆಯಾಗುತ್ತವೆ. ಬಾಟಲಿಯ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ, 120 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ತಲೆಗೆಣ್ಣೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ತೆಗೆದರೆ ಉಳಿಯುವುದು ಸುಮಾರು 114 ರೂಪಾಯಿ 30 ಪೈಸೆ. ಇದರಲ್ಲಿ ಅಂಗಡಿಯವರಿಗೆ ಶೇ 20, ಸಗಟು ವಿತರಕರಿಗೆ ಶೇ 8 ಎಂದು ಬಿಟ್ಟರೆ ತಯಾರಕರ ಕೈಗೆ ಬರುವುದು ಸುಮಾರು 82 ರೂಪಾಯಿ 30 ಪೈಸೆ. ಎಣ್ಣೆ ಮತ್ತು ಗಿಡಮೂಲಿಕೆಗೆ 30, ತುಂಬುವ ಕೂಲಿಗೆ 6, ಸಾಗಣೆ ಮತ್ತು ನಷ್ಟಕ್ಕೆ 5, ಪ್ರಚಾರಕ್ಕೆ 10, ಬಾಡಿಗೆ ಮತ್ತು ವಾಪಸ್ಸು ಬರುವ ಮಾಲಿಗೆ 8 ಎಂದು ಒಟ್ಟು 59 ರೂಪಾಯಿ ಕಳೆದರೆ, ಪ್ಯಾಕಿಂಗ್ ಮತ್ತು ಲಾಭ ಎರಡಕ್ಕೂ ಸೇರಿ 23 ರೂಪಾಯಿ ಚಿಲ್ಲರೆ ಉಳಿಯುತ್ತದೆ.

ಈಗ ಎರಡು ಪ್ಯಾಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಮೊದಲನೆಯದು ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಪೆಟ್ ಬಾಟಲಿ: ಬಾಟಲಿಗೆ ಐದೂವರೆ, ಒತ್ತಿ ತೆರೆಯುವ ಮುಚ್ಚಳಕ್ಕೆ 2, ಒಳಸೀಲಿಗೆ ಅರ್ಧ, ಲೇಬಲಿಗೆ ಎರಡೂವರೆ, ಸಾಗಣೆ ಪೆಟ್ಟಿಗೆಯ ಪಾಲು 1, ಒಟ್ಟು ಹನ್ನೊಂದೂವರೆ ರೂಪಾಯಿ. ಎರಡನೆಯದು ಗಾಜಿನ ಬಾಟಲಿ: ಗಾಜಿಗೆ 12, ಡ್ರಾಪರಿಗೆ 8, ಲೇಬಲಿಗೆ ಎರಡೂವರೆ, ಪ್ರತಿ ಬಾಟಲಿಗೂ ರಟ್ಟಿನ ಪೆಟ್ಟಿಗೆ 6, ಒಡೆಯದಂತೆ ಅಡ್ಡಗೋಡೆ ಇರುವ ಸಾಗಣೆ ಪೆಟ್ಟಿಗೆಯ ಪಾಲು 3, ಒಟ್ಟು ಮೂವತ್ತೊಂದೂವರೆ. ಮೊದಲ ಪ್ಯಾಕಿನಲ್ಲಿ ಬಾಟಲಿಗೆ ಹನ್ನೊಂದು ರೂಪಾಯಿಯ ಮೇಲೆ ಲಾಭ. ಎರಡನೆಯದರಲ್ಲಿ ಎಂಟು ರೂಪಾಯಿಯ ಮೇಲೆ ನಷ್ಟ.

ಎರಡನೆಯ ಪ್ಯಾಕಿನಲ್ಲೂ ಅದೇ ಲಾಭ ಬೇಕೆಂದರೆ ಎಂಆರ್‌ಪಿ 149 ರೂಪಾಯಿಗೆ ಏರಬೇಕು. ಪ್ಯಾಕಿಂಗಿಗೆ ಹಾಕಿದ ಹೆಚ್ಚಿನ 20 ರೂಪಾಯಿ ಗಿರಾಕಿಗೆ ಬೀಳುವ ಹೊತ್ತಿಗೆ 29 ಆಗುತ್ತದೆ. ಅಂಗಡಿಯವರ ಮತ್ತು ವಿತರಕರ ಪಾಲು, ತೆರಿಗೆ ಎಲ್ಲವೂ ಶೇಕಡಾವಾರು ಲೆಕ್ಕದಲ್ಲಿ ಏರುವುದೇ ಕಾರಣ. ಈ ಉದಾಹರಣೆಯ ದರಗಳಲ್ಲಿ, ಪ್ಯಾಕಿಂಗಿನ ಪ್ರತಿ ಒಂದು ರೂಪಾಯಿ ಎಂಆರ್‌ಪಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ರೂಪಾಯಿ. ಪ್ಯಾಕಿಂಗಿನ ಯಾವುದೇ ಅಲಂಕಾರವನ್ನು ಒಪ್ಪುವ ಮೊದಲು, ಇದಕ್ಕಾಗಿ ಗಿರಾಕಿ ಒಂದೂವರೆ ಪಟ್ಟು ಕೊಡುತ್ತಾರೆಯೇ ಎಂದು ಕೇಳಿಕೊಳ್ಳಬೇಕು.

## ಖರ್ಚು ಅಡಗಿರುವ ಜಾಗ

ಪ್ಯಾಕಿಂಗಿನ ಖರ್ಚಿನಲ್ಲಿ ಎರಡು ಭಾಗ. ಎಷ್ಟೇ ಮಾಡಿದರೂ ಒಮ್ಮೆ ಕೊಡಲೇಬೇಕಾದದ್ದು ಒಂದು: ಬಾಟಲಿಯ ಅಚ್ಚು, ಮುದ್ರಣದ ಸಿಲಿಂಡರ್ ಅಥವಾ ಪ್ಲೇಟು, ಪೆಟ್ಟಿಗೆ ಕತ್ತರಿಸುವ ಡೈ, ಬಂಗಾರದ ಹಾಳೆ ಒತ್ತುವ ಬ್ಲಾಕು. ಪ್ರತಿ ತುಂಡಿಗೂ ಬೀಳುವುದು ಇನ್ನೊಂದು. ಸಣ್ಣ ಬ್ರಾಂಡನ್ನು ಮುಳುಗಿಸುವುದು ಸಾಮಾನ್ಯವಾಗಿ ಮೊದಲನೆಯ ಭಾಗ.

ಗುರುತು ಮುದ್ರಿಸಿದ ಪ್ಲಾಸ್ಟಿಕ್ ಪ್ಯಾಕೆಟ್ ಇದಕ್ಕೆ ಒಳ್ಳೆಯ ನಿದರ್ಶನ. ಇಂಥ ಪ್ಯಾಕೆಟ್‌ಗಳನ್ನು ಹೆಚ್ಚಾಗಿ ಗ್ರೇವ್ಯೂರ್ ಯಂತ್ರದಲ್ಲಿ ಅಚ್ಚು ಹಾಕುತ್ತಾರೆ, ಅದಕ್ಕೆ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಬೇಕು. ನಾಲ್ಕು ಬಣ್ಣದ ಸಿಲಿಂಡರುಗಳಿಗೆ ಒಟ್ಟು 24,000 ರೂಪಾಯಿ ಆಯಿತೆಂದು ಇಟ್ಟುಕೊಂಡರೆ, 20,000 ಪ್ಯಾಕೆಟ್ ಮಾಡಿಸಿದಾಗ ತಲಾ ಒಂದು ರೂಪಾಯಿ 20 ಪೈಸೆ ಬೀಳುತ್ತದೆ. 2,000 ಮಾಡಿಸಿದರೆ 12 ರೂಪಾಯಿ. ದಕ್ಷಿಣ ಭಾರತದಲ್ಲಿ ಶಾಂಪೂವನ್ನು ಹಳ್ಳಿಯ ಅಂಗಡಿಗೂ ಮುಟ್ಟಿಸಿದ್ದು ಸಣ್ಣ ಪ್ಯಾಕೆಟ್ಟು. ತಮಿಳುನಾಡಿನ ಕಡಲೂರಿನಲ್ಲಿ 1983ರಲ್ಲಿ ಸಿ.ಕೆ. ರಂಗನಾಥನ್ ಶುರುಮಾಡಿದ ಉದ್ದಿಮೆಯ ಚಿಕ್ ಶಾಂಪೂ ಮುಂದೆ ಐವತ್ತು ಪೈಸೆಯ ಪ್ಯಾಕೆಟ್ಟಿನಲ್ಲಿ ಮನೆಮಾತಾಯಿತು. ಆದರೆ ಆ ಬೆಲೆ ದಕ್ಕುವುದು ಭಾರಿ ಪ್ರಮಾಣದಲ್ಲಿ ಮಾಡಿದಾಗ ಮಾತ್ರ. ಮೊದಲ ವರ್ಷ ಕೆಲವು ಸಾವಿರ ಮಾರುವವರಿಗೆ ಮುದ್ರಿತ ಪ್ಯಾಕೆಟ್ಟೇ ದುಬಾರಿ. ಬರಿಯ ಪ್ಯಾಕೆಟ್ಟಿನ ಮೇಲೆ ಲೇಬಲ್ ಅಂಟಿಸುವುದು ಅಗ್ಗ.

ಆದ್ದರಿಂದ ಹೊಸ ಬ್ರಾಂಡು ಸ್ವಂತ ಆಕಾರದ ಬಾಟಲಿಯ ಆಸೆ ಬಿಟ್ಟು, ಸಗಟು ಪೇಟೆಯಲ್ಲಿ ಸದಾ ಸಿಗುವ ಸಿದ್ಧ ಬಾಟಲಿಯನ್ನೇ ಆರಿಸುವುದು ಲೇಸು. ಸೊಲ್ಲಾಪುರದಿಂದ ಪುಣೆ, ಮುಂಬಯಿ, ಹೈದರಾಬಾದು ಮೂರಕ್ಕೂ ನೇರ ರಸ್ತೆ ಮತ್ತು ರೈಲು ಇರುವುದರಿಂದ ಮೂರೂ ಕಡೆಯ ದರ ತರಿಸಿ ನೋಡಬಹುದು. ದರ ಕೇಳುವಾಗ ಸಾಗಣೆಯನ್ನೂ ಸೇರಿಸಿ ಕೇಳಬೇಕು. ಖಾಲಿ ಬಾಟಲಿ ಹಗುರ, ಆದರೆ ಜಾಗ ಹೆಚ್ಚು ಹಿಡಿಯುತ್ತದೆ. ಐವತ್ತು ಪೈಸೆ ಅಗ್ಗವೆಂದು ದೂರದಿಂದ ತಂದ ಬಾಟಲಿಯ ಉಳಿತಾಯ ಲಾರಿ ಬಾಡಿಗೆಯಲ್ಲಿ ಕರಗಬಹುದು.

ಇನ್ನೊಂದು ಉಳಿತಾಯ ಒಂದೇ ಬಾಟಲಿಯನ್ನು ಹಲವು ಸರಕಿಗೆ ಬಳಸುವುದರಲ್ಲಿದೆ. ತಲೆಗೆಣ್ಣೆ, ಮೈಗೆಣ್ಣೆ, ಗುಲಾಬಿ ನೀರು ಮೂರಕ್ಕೂ ಒಂದೇ 100 ಮಿ.ಲೀ. ಬಾಟಲಿ ಮತ್ತು ಒಂದೇ ಅಳತೆಯ ಲೇಬಲ್ ಇದ್ದರೆ, ಕೊಳ್ಳುವ ಸಂಖ್ಯೆ ಮೂರು ಪಟ್ಟಾಗಿ ದರ ಇಳಿಯುತ್ತದೆ. ಒಂದು ಸರಕು ಓಡದಿದ್ದರೂ ಅದರ ಖಾಲಿ ಬಾಟಲಿ ಇನ್ನೊಂದಕ್ಕೆ ಬರುತ್ತದೆ. ಕಪಾಟಿನಲ್ಲಿ ಮೂರೂ ಒಂದೇ ಮನೆಯವೆಂದು ಕಾಣುವುದು ಇದರಿಂದ ಸಿಗುವ ಹೆಚ್ಚಿನ ಅಂದ.

ಬಾಟಲಿಯನ್ನೂ ಮುಚ್ಚಳವನ್ನೂ ಬೇರೆಬೇರೆ ಅಂಗಡಿಯಿಂದ ಕೊಳ್ಳುವವರು ಕೊರಳಿನ ಅಳತೆಯನ್ನು ಕೇಳಿ ಬರೆದುಕೊಳ್ಳಬೇಕು. 24/410 ಎಂದರೆ ಕೊರಳಿನ ವ್ಯಾಸ 24 ಮಿ.ಮೀ., ಸುತ್ತಿನ ಮಾದರಿ 410. ಮೊದಲ ಅಂಕಿ ಒಂದೇ ಇದ್ದು ಎರಡನೆಯದು ಬೇರೆಯಾದರೆ ಮುಚ್ಚಳ ಕೂತಂತೆ ಕಂಡರೂ ಬಿಗಿಯಾಗುವುದಿಲ್ಲ. ಸೋರಿಕೆಯ ದೂರುಗಳಲ್ಲಿ ಹಲವಕ್ಕೆ ಮೂಲ ಇದೇ.

## ಸರಕಿಗೆ ತಕ್ಕ ವಸ್ತು

ಪೆಟ್ ಪ್ಲಾಸ್ಟಿಕ್ ಗಾಜಿನಂತೆ ಪಾರದರ್ಶಕ, ಹೊಳಪುಳ್ಳದ್ದು, ಬಿದ್ದರೆ ಒಡೆಯದು. ಎಣ್ಣೆಯ ಬಣ್ಣ ಚೆನ್ನಾಗಿದ್ದರೆ ಅದನ್ನು ತೋರಿಸಲು ಇದಕ್ಕಿಂತ ಅಗ್ಗದ ವಸ್ತು ಇಲ್ಲ. ಇದರ ದೌರ್ಬಲ್ಯ ಬಿಸಿ. ಸುಮಾರು 70 ಡಿಗ್ರಿಯಲ್ಲಿ ಮೆತ್ತಗಾಗುವುದರಿಂದ, ಕಾಯಿಸಿದ ಎಣ್ಣೆಯನ್ನು ಬಿಸಿಬಿಸಿಯಾಗಿ ತುಂಬಿದರೆ ಬಾಟಲಿ ಸೊಟ್ಟಗಾಗುತ್ತದೆ. ಎಣ್ಣೆ ಕೋಣೆಯ ಬಿಸಿಗೆ ಇಳಿದ ಮೇಲೆಯೇ ತುಂಬಬೇಕು. ಬೆಳಕಿಗೆ ಕೆಡುವ ಎಣ್ಣೆಯಾದರೆ ಕಂದು ಅಥವಾ ಹಸಿರು ಛಾಯೆಯ ಪೆಟ್ ಆರಿಸಬಹುದು.

ಹಾಲುಬಣ್ಣದ ಎಚ್‌ಡಿಪಿಇ ಬಾಟಲಿ ಹಿಸುಕಲು ಬರುತ್ತದೆ, ಲೋಷನ್ ಮತ್ತು ಶಾಂಪೂವಿಗೆ ವಾಡಿಕೆ. ಆದರೆ ಸುಗಂಧದ ಎಣ್ಣೆಗಳು ಇದರ ಗೋಡೆಯ ಮೂಲಕ ನಿಧಾನವಾಗಿ ಹೊರಹೋಗುತ್ತವೆ. ಕೆಲವು ತಿಂಗಳಲ್ಲಿ ಪರಿಮಳ ತಗ್ಗಿ, ಬಾಟಲಿಯ ಪಕ್ಕಗಳು ಒಳಸೇರಿದಂತಾಗಬಹುದು. ಶಾಂಪೂವಿನ ನೊರೆಕಾರಕಗಳು ಒತ್ತಡ ಬಿದ್ದ ಜಾಗದಲ್ಲಿ, ಅದರಲ್ಲೂ ಕೊರಳು ಮತ್ತು ತಳದ ಬಳಿ, ಸಣ್ಣ ಬಿರುಕು ಮೂಡಿಸುವುದುಂಟು.

ಗಾಜು ಯಾವ ಸರಕಿನೊಂದಿಗೂ ಬೆರೆಯದು, ಕೈಯಲ್ಲಿ ತೂಕವಾಗಿ ಬೆಲೆಬಾಳುವಂತೆ ಅನಿಸುತ್ತದೆ. ಆದರೆ ಗಾಜು ಬಂದರೆ ಅದರ ಜೊತೆಗೆ ಹೊರಪೆಟ್ಟಿಗೆ, ಅಡ್ಡಗೋಡೆ, ಒಡೆದ ಮಾಲಿನ ಲೆಕ್ಕ ಎಲ್ಲವೂ ಬರುತ್ತವೆ. ಹತ್ತು ಮಿ.ಲೀ.ನ ಅತ್ತರು, ಮೂವತ್ತು ಮಿ.ಲೀ.ನ ಮುಖದ ಎಣ್ಣೆಯಂಥ ಸಣ್ಣ ಅಳತೆಯ, ಹೆಚ್ಚು ಬೆಲೆಯ ಸರಕಿಗೆ ಮಾತ್ರ ಅದು ಹೊಂದುತ್ತದೆ.

ತೆಂಗಿನೆಣ್ಣೆ ಹೆಚ್ಚಿರುವ ತಲೆಗೆಣ್ಣೆಗೆ ಸಣ್ಣ ಬಾಯಿಯ ಬಾಟಲಿ ಡಿಸೆಂಬರಿನಲ್ಲಿ ತೊಡಕು. ಬೆರಳು ಹೋಗುವಷ್ಟು ಅಗಲ ಬಾಯಿಯ ಡಬ್ಬಿಯನ್ನು ಚಳಿಗಾಲಕ್ಕೆ ಇಡಬಹುದು, ಇಲ್ಲವೇ ಎಳ್ಳೆಣ್ಣೆಯಂಥ ಹೆಪ್ಪುಗಟ್ಟದ ಎಣ್ಣೆಯ ಪಾಲು ಹೆಚ್ಚಿಸಬಹುದು. ಎರಡೂ ಆಗದಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಡುವಂತೆ ಲೇಬಲಿನ ಮೇಲೆ ಒಂದು ಸಾಲು ಬರೆಯಲೇಬೇಕು.

ಬೇಸಿಗೆಯ ತೊಡಕು ಬೇರೆ. ಎಣ್ಣೆ ಬಿಸಿಗೆ ಹಿಗ್ಗುತ್ತದೆ: 25 ಡಿಗ್ರಿಯಲ್ಲಿ 100 ಮಿ.ಲೀ. ಇದ್ದದ್ದು 45 ಡಿಗ್ರಿಯಲ್ಲಿ ಸುಮಾರು ಒಂದೂವರೆ ಮಿ.ಲೀ. ಹೆಚ್ಚಾಗುತ್ತದೆ. ಕೊರಳಿನವರೆಗೆ ತುಂಬಿದ ಬಾಟಲಿ ಮೇ ತಿಂಗಳಲ್ಲಿ ಮುಚ್ಚಳದ ಸುತ್ತ ಜಿಡ್ಡು ಬಿಡುವುದು ಇದರಿಂದ. ಆದ್ದರಿಂದ ಕೊಳ್ಳುವಾಗ ಬಾಟಲಿಯ ಹೆಸರಿನ ಅಳತೆಯನ್ನು ನಂಬದೆ, ಬಾಯಿಯವರೆಗೆ ನೀರು ತುಂಬಿ ಅಳೆದು, ಐದಾರು ಮಿ.ಲೀ. ಜಾಗ ಖಾಲಿ ಉಳಿಯುತ್ತದೆಯೇ ಎಂದು ನೋಡಬೇಕು.

## ಅಂದ ಮೂಡಿಸುವ ಕಡೆ

ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಲೇಬಲ್ ಮತ್ತು ಮುಚ್ಚಳ. ಖರ್ಚು ಮಾಡುವುದಿದ್ದರೆ ಇವೆರಡರ ಮೇಲೆ ಮಾಡಬೇಕು. ಬಾಟಲಿಯ ಬೆಲೆಯಲ್ಲಿ ಐದು ರೂಪಾಯಿ ಏರಿಸಿದ್ದಕ್ಕಿಂತ ಲೇಬಲಿನಲ್ಲಿ ಒಂದು ರೂಪಾಯಿ ಏರಿಸಿದ್ದು ಹೆಚ್ಚು ಕಾಣುತ್ತದೆ.

ಎಣ್ಣೆಯ ಬಾಟಲಿಗೆ ಕಾಗದದ ಲೇಬಲ್ ಆಗದು. ಮೊದಲ ವಾರದಲ್ಲೇ ಜಿಡ್ಡು ಹೀರಿ ಕಲೆಯಾಗುತ್ತದೆ, ಅಕ್ಷರ ಮಸುಕಾಗುತ್ತದೆ. ಪ್ಲಾಸ್ಟಿಕ್ ಹಾಳೆಯ, ಹಿಂದೆ ಅಂಟಿರುವ ಬಿಒಪಿಪಿ ಲೇಬಲ್ ಬೇಕು. ಮೇಲೆ ಮಂದ ಹೊಳಪಿನ ಲ್ಯಾಮಿನೇಷನ್ ಹಾಕಿಸಿದರೆ ಕೈಗೆ ಮೆತ್ತಗೆ ಹತ್ತಿ, ದುಬಾರಿಯಂತೆ ಕಾಣುತ್ತದೆ. ಮೊದಲ ಒಂದೆರಡು ಸಾವಿರ ಲೇಬಲನ್ನು ಡಿಜಿಟಲ್ ಮುದ್ರಣದಲ್ಲಿ ಮಾಡಿಸುವುದು ಒಳ್ಳೆಯದು. ತಲಾ ದರ ಸ್ವಲ್ಪ ಹೆಚ್ಚಾದರೂ ಪ್ಲೇಟಿನ ಖರ್ಚಿಲ್ಲ, ಮೂರು ಸರಕಿನ ಲೇಬಲನ್ನು ಒಟ್ಟಿಗೆ ಹಾಕಿಸಬಹುದು, ತಪ್ಪು ಕಂಡರೆ ಮುಂದಿನ ಸಲ ತಿದ್ದಬಹುದು. ಮಾರಾಟ ನೆಲೆಗೊಂಡ ಮೇಲೆ ಪ್ಲೇಟಿನ ಮುದ್ರಣಕ್ಕೆ ಹೋಗಬೇಕು.

ಲೇಬಲ್ ಸೊಟ್ಟಗೆ ಅಂಟಿದ್ದರೆ ಎಂಥ ವಿನ್ಯಾಸವೂ ಅಗ್ಗದ ಮಾಲಿನಂತೆ ಕಾಣುತ್ತದೆ. ನೇರ ಗೋಡೆಯ ದುಂಡು ಬಾಟಲಿಯಲ್ಲಿ ಕೈಯಿಂದಲೂ ಸರಿಯಾಗಿ ಅಂಟಿಸಬಹುದು. ಮೇಲೂ ಕೆಳಗೂ ಬಾಗಿದ ಬಾಟಲಿಯಲ್ಲಿ ಲೇಬಲಿನ ಅಂಚು ಸುಕ್ಕುಗಟ್ಟುತ್ತದೆ. ಬಾಟಲಿಯ ವ್ಯಾಸ 42 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 132 ಮಿ.ಮೀ.; ಲೇಬಲಿನ ಉದ್ದ 128 ಮಿ.ಮೀ. ಇಟ್ಟರೆ ಎರಡು ತುದಿ ಒಂದರ ಮೇಲೊಂದು ಬೀಳದೆ ಹಿಂಬದಿಯಲ್ಲಿ ಸಣ್ಣ ಸಂದು ಉಳಿಯುತ್ತದೆ. ಆ ಸಂದು ಬಾಟಲಿಯೊಳಗೆ ಎಷ್ಟು ಎಣ್ಣೆ ಉಳಿದಿದೆ ಎಂದು ತೋರಿಸುತ್ತದೆ. ಬಾಟಲಿಯನ್ನು ಮಲಗಿಸುವ ಮರದ ಒಂದು ಅಚ್ಚು, ಅದರ ಮೇಲೆ ಲೇಬಲಿನ ಅಂಚು ಕೂರಲು ಒಂದು ಗೆರೆ ಇಷ್ಟು ಮಾಡಿಕೊಂಡರೆ ಎಲ್ಲ ಬಾಟಲಿಯ ಮೇಲೂ ಲೇಬಲ್ ಒಂದೇ ಎತ್ತರದಲ್ಲಿ ಕೂರುತ್ತದೆ.

ವಿನ್ಯಾಸದಲ್ಲಿ ಎರಡು ಬಣ್ಣ, ಒಂದು ಚಿಹ್ನೆ, ದೊಡ್ಡದಾಗಿ ಬ್ರಾಂಡಿನ ಹೆಸರು, ಅದರ ಕೆಳಗೆ ಸರಕು ಯಾವುದೆಂಬ ಮಾತು ಸಾಕು. ಗಿಡ, ಎಲೆ, ಹೆಣ್ಣಿನ ಮುಖ, ಬಂಗಾರದ ಅಂಚು ಎಲ್ಲವನ್ನೂ ತುಂಬಿದ ಲೇಬಲ್ ಮೂರು ಅಡಿ ದೂರದಿಂದ ಏನೂ ಹೇಳುವುದಿಲ್ಲ. ಬಾಟಲಿ ಒಂದೇ ಇದ್ದು ಮುಚ್ಚಳದ ಬಣ್ಣ ಮಾತ್ರ ಸರಕಿಗೊಂದರಂತೆ ಬದಲಾದರೆ, ಹೆಚ್ಚಿನ ಖರ್ಚಿಲ್ಲದೆ ಗುರುತು ಸಿಗುತ್ತದೆ.

ಕನ್ನಡ ನಾಡಿನಲ್ಲಿ ಗುರುತು ಉಳಿಸಿಕೊಳ್ಳುವುದಕ್ಕೆ ದೊಡ್ಡ ಮೇಲ್ಪಂಕ್ತಿ ಮೈಸೂರು ಸ್ಯಾಂಡಲ್ ಸೋಪು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಿಂದ ಹೊರಬಂದ ಈ ಸೋಪಿಗೆ ರೂಪು ಕೊಟ್ಟವರು ಸೋಪು ಶಾಸ್ತ್ರಿ ಎಂದೇ ಹೆಸರಾದ ಎಸ್.ಜಿ. ಶಾಸ್ತ್ರಿ. ಮೊಟ್ಟೆಯಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯನ್ನು ನೆನಪಿಸುವ ಹೂಬಳ್ಳಿಯ ರಟ್ಟಿನ ಡಬ್ಬಿ, ಶರಭದ ಚಿಹ್ನೆ ಈ ಮೂರೂ ನೂರು ವರ್ಷದ ಮೇಲೂ ಗುರುತು ಹಿಡಿಯುವಂತೆ ಉಳಿದಿವೆ. ಆ ಪೆಟ್ಟಿಗೆಯ ವಸ್ತು ಸಾಧಾರಣ ರಟ್ಟು. ಅದಕ್ಕೆ ಬೆಲೆ ತಂದದ್ದು ಆಕಾರ ಮತ್ತು ಚಿಹ್ನೆಯನ್ನು ಪದೇಪದೇ ಬದಲಿಸದೆ ಉಳಿಸಿಕೊಂಡ ಶಿಸ್ತು. ಸಣ್ಣ ಬ್ರಾಂಡಿಗೂ ಈ ಶಿಸ್ತು ಕೈಗೆಟುಕುವಂಥದ್ದು.

## ಕಾನೂನು ಲೇಬಲಿನಲ್ಲಿ ಕೇಳುವ ಜಾಗ

ಮಾರಾಟಕ್ಕೆ ಸೌಂದರ್ಯವರ್ಧಕ ತಯಾರಿಸಲು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಮಹಾರಾಷ್ಟ್ರದಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯದ ಆಹಾರ ಮತ್ತು ಔಷಧ ಆಡಳಿತ. ಸ್ವಂತ ಘಟಕವಿಲ್ಲದವರು ಪರವಾನಗಿ ಇರುವ ಬೇರೆ ಘಟಕದಲ್ಲಿ ಮಾಡಿಸಿಕೊಳ್ಳುತ್ತಾರೆ. ಎರಡರಲ್ಲೂ ಲೇಬಲಿನ ಮೇಲೆ ತಯಾರಕರ ಹೆಸರು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ, ಬೆರೆಸಿದ ವಸ್ತುಗಳ ಪಟ್ಟಿ ಇರಬೇಕು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಇದಕ್ಕೆ ನಿವ್ವಳ ಪ್ರಮಾಣ, ತಯಾರಾದ ತಿಂಗಳು ವರ್ಷ, ತೆರಿಗೆ ಸೇರಿದ ಎಂಆರ್‌ಪಿ, ಪ್ರತಿ ಮಿ.ಲೀ. ಅಥವಾ ಗ್ರಾಮಿನ ದರ, ದೂರಿಗೆ ಸಂಪರ್ಕ ಇವುಗಳನ್ನು ಸೇರಿಸುತ್ತವೆ. 100 ಮಿ.ಲೀ.ಗೆ 120 ರೂಪಾಯಿ ಇದ್ದರೆ ಪ್ರತಿ ಮಿ.ಲೀ.ಗೆ 1.20 ರೂಪಾಯಿ ಎಂದು ಬರೆಯಬೇಕು. ಕೂದಲು ಉದುರುವ ರೋಗ ಗುಣವಾಗುತ್ತದೆ ಎಂಬಂಥ ಮಾತು ಸೌಂದರ್ಯವರ್ಧಕದ ಲೇಬಲಿನಲ್ಲಿ ಸಲ್ಲದು.

ಇಷ್ಟಕ್ಕೆಲ್ಲ ಜಾಗ ಬೇಕೆಂಬುದನ್ನು ಬಾಟಲಿ ಆರಿಸುವಾಗಲೇ ನೋಡಬೇಕು. ಪುಟ್ಟ ಡಬ್ಬಿ ಚೆಂದವೆಂದು ಕೊಂಡ ಮೇಲೆ ಲೇಬಲಿನಲ್ಲಿ ಅಕ್ಷರ ಹಿಡಿಸದೆ, ಕೊನೆಗೆ ಹೊರಪೆಟ್ಟಿಗೆ ಮಾಡಿಸಬೇಕಾದವರು ಉಂಟು. ಮೊದಲು ಕಾನೂನಿನ ವಿವರಗಳನ್ನೆಲ್ಲ ಕಾಗದದ ಮೇಲೆ ಟೈಪ್ ಮಾಡಿ, ನಿಜ ಅಳತೆಯಲ್ಲಿ ಮುದ್ರಿಸಿ, ಖಾಲಿ ಬಾಟಲಿಗೆ ಸುತ್ತಿ ನೋಡುವುದು ಐದು ರೂಪಾಯಿಯ ಕೆಲಸ.

ಮೂರು ಭಾಷೆಯ ಪೇಟೆಯಲ್ಲಿ ಮೂರು ಬಗೆಯ ಲೇಬಲ್ ಬೇಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮಾಪನ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಜೊತೆಗೆ ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ. ಆದ್ದರಿಂದ ಹಿಂಬದಿಯ ವಿವರ ಇಂಗ್ಲಿಷಿನಲ್ಲಿ, ಮುಂಬದಿಯ ಹೆಸರು ಮರಾಠಿ ಮತ್ತು ಕನ್ನಡದಲ್ಲಿ ಇಟ್ಟು ಒಂದೇ ಲೇಬಲನ್ನು ಸೊಲ್ಲಾಪುರಕ್ಕೂ ಗಡಿಯಾಚೆಯ ಆಳಂದಕ್ಕೂ ಕಳಿಸಬಹುದು. ಎರಡು ಬಗೆಯ ಲೇಬಲ್ ಇಟ್ಟರೆ ಎರಡು ದಾಸ್ತಾನು, ಎರಡು ಉಳಿಕೆ.

ಎಂಆರ್‌ಪಿ, ಬ್ಯಾಚ್, ತಿಂಗಳು ಇವನ್ನು ಲೇಬಲಿನೊಂದಿಗೆ ಮುದ್ರಿಸಬಾರದು. ಅದಕ್ಕೆ ಖಾಲಿ ಚೌಕ ಬಿಟ್ಟು, ತುಂಬುವ ದಿನ ಅಳಿಸಲಾಗದ ಶಾಯಿಯಲ್ಲಿ ಅಚ್ಚೊತ್ತಬೇಕು. ಎಂಆರ್‌ಪಿ ಇಳಿಸಲು ಮೇಲೆ ಚೀಟಿ ಅಂಟಿಸಬಹುದು, ಆದರೆ ಹಳೆಯ ಬೆಲೆ ಮುಚ್ಚಿಹೋಗಬಾರದು. ಏರಿಸಲು ಚೀಟಿ ಅಂಟಿಸುವುದಕ್ಕೆ ನಿಯಮ ಬಿಡುವುದಿಲ್ಲ. ಎಣ್ಣೆಯ ದರ ಏರಿದ ದಿನ ಬೆಲೆ ಮುದ್ರಿಸಿದ ಎರಡು ಸಾವಿರ ಲೇಬಲ್ ಕಸವಾಗುತ್ತದೆ.

## ಗಡಿ ಮತ್ತು ತೆರಿಗೆ

ಸರಕು ಮಾರುವವರ ವಾರ್ಷಿಕ ವಹಿವಾಟು ಮಹಾರಾಷ್ಟ್ರದಲ್ಲಿ 40 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯ. ಅಕ್ಕಲಕೋಟದವರಿಗೆ ಅಫಜಲಪುರ ಪಕ್ಕದ ಊರು, ಕಾನೂನಿಗೆ ಅದು ಬೇರೆ ರಾಜ್ಯ. ನೋಂದಣಿ ಇದ್ದವರು ಬಾಟಲಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನೋಂದಣಿ ಇಲ್ಲದವರಿಗೆ ಅದೂ ಪ್ಯಾಕಿಂಗಿನ ಖರ್ಚೇ.

ಕುಂಕುಮದ ಲೆಕ್ಕ ಬೇರೆ. ಕುಂಕುಮ, ಬಿಂದಿ, ಸಿಂಧೂರಗಳಿಗೆ ಜಿಎಸ್‌ಟಿ ಇಲ್ಲ. ಕೇಳಲು ಅನುಕೂಲವೆನಿಸಿದರೂ, ಮಾರುವ ಸರಕಿಗೆ ತೆರಿಗೆ ಇಲ್ಲದ ಕಾರಣ ಡಬ್ಬಿಗೆ ಕೊಟ್ಟ ತೆರಿಗೆ ಹಿಂದಿರುಗುವುದಿಲ್ಲ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಶೇ 18 ತೆರಿಗೆ ಇದ್ದರೆ ನಿಜವಾದ ಬೆಲೆ 11 ರೂಪಾಯಿ 80 ಪೈಸೆ ಎಂದೇ ಬರೆದುಕೊಳ್ಳಬೇಕು. ಅರಿಸಿನ ಮತ್ತು ಸುಣ್ಣದಿಂದ ಮಾಡಿದ ಕುಂಕುಮ ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತದೆ, ತೇವಕ್ಕೆ ಗಂಟುಕಟ್ಟುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಅಂಗಡಿಯ ಮುಂದೆ ಬಿಸಿಲಿಗಿಟ್ಟರೆ ಮೇಲಿನ ಪದರ ಪೇಲವವಾಗುತ್ತದೆ. ಬೆಳಕು ತೂರದ ಡಬ್ಬಿ, ಒಳಗೆ ಸೀಲು ಮಾಡಿದ ಪ್ಯಾಕೆಟ್ ಇದಕ್ಕೆ ಸರಿಯಾದ ಜೋಡಿ. ಯಾತ್ರಿಕರಿಗೆ ಕಾಣಿಕೆಯ ಕಟ್ಟು ಮಾಡುವುದಾದರೆ ಸೊಲ್ಲಾಪುರದ ಮಗ್ಗದ ಬಟ್ಟೆಯ ತುಂಡಿನಿಂದ ಹೊಲಿದ ಚೀಲ ರಟ್ಟಿನ ಪೆಟ್ಟಿಗೆಯ ಜಾಗ ತುಂಬುತ್ತದೆ. ಅದಕ್ಕೆ ಡೈ ಬೇಡ, ಐವತ್ತು ಬೇಕಾದರೂ ಹೊಲಿಸಬಹುದು, ಸರಕು ಮುಗಿದ ಮೇಲೂ ಮನೆಯಲ್ಲಿ ಉಳಿಯುತ್ತದೆ.

## ಕೊಳ್ಳುವ ಮೊದಲಿನ ಪರೀಕ್ಷೆ

ಸಾವಿರ ಬಾಟಲಿಗೆ ಮುಂಗಡ ಕೊಡುವ ಮೊದಲು ಒಂದು ಡಜನ್ ತಂದು, ಮಾರುವಂತೆಯೇ ತುಂಬಿ, ಮುಚ್ಚಿ, ಲೇಬಲ್ ಅಂಟಿಸಿ ನೋಡಬೇಕು. ತುಂಬುವಾಗ ತಕ್ಕಡಿ ಬಳಸುವವರು ನೆನಪಿಡಬೇಕಾದ್ದು, ತೆಂಗಿನೆಣ್ಣೆಯ 100 ಮಿ.ಲೀ. ಎಂದರೆ ಸುಮಾರು 92 ಗ್ರಾಂ. ಮೂರು ಬಾಟಲಿ ನೆರಳಿನಲ್ಲಿ, ಮೂರು ಬಿಸಿಲು ಬೀಳುವ ಕಿಟಕಿಯಲ್ಲಿ, ಮೂರು ತಗಡಿನ ಮಾಡಿನ ಕೆಳಗೆ, ಮೂರು ಫ್ರಿಜ್ಜಿನಲ್ಲಿ ಇಡಬೇಕು. ಪ್ರತಿ ಗುಂಪಿನಲ್ಲೂ ಒಂದನ್ನು ತಲೆಕೆಳಗಾಗಿಸಿ ಕೆಳಗೆ ಕಾಗದ ಹಾಸಬೇಕು. ಕಾಗದದ ಮೇಲೆ ಜಿಡ್ಡಿನ ಉಂಗುರ ಮೂಡಿದರೆ ಮುಚ್ಚಳ ಅಥವಾ ಒಳಸೀಲು ಸರಿಯಿಲ್ಲ.

ಎರಡು ತಿಂಗಳು ವಾರಕ್ಕೊಮ್ಮೆ ಪ್ರತಿ ಬಾಟಲಿಯನ್ನು ತೂಗಿ ಬರೆದಿಡಬೇಕು. ಸೋರಿಕೆ ಕಾಣದೆಯೂ ತೂಕ ಇಳಿಯುತ್ತಿದ್ದರೆ ಸುಗಂಧ ಗೋಡೆಯ ಮೂಲಕ ಹೋಗುತ್ತಿರಬಹುದು. ಬಾಟಲಿಯ ಪಕ್ಕ ಒಳಸೇರಿದೆಯೇ, ಎಣ್ಣೆಯ ಬಣ್ಣ ನೆರಳಿನದಕ್ಕಿಂತ ಬದಲಾಗಿದೆಯೇ, ಲೇಬಲಿನ ಅಂಚು ಏಳುತ್ತಿದೆಯೇ ಎಂದು ನೋಡಬೇಕು. ಎಣ್ಣೆ ಹಚ್ಚಿದ ಬೆರಳಿನಿಂದ ಬ್ಯಾಚ್ ಸಂಖ್ಯೆಯನ್ನು ಇಪ್ಪತ್ತು ಸಲ ಉಜ್ಜಿದರೂ ಅದು ಓದಲು ಬರಬೇಕು. ಕೊನೆಗೆ ತುಂಬಿದ ಒಂದು ಪೆಟ್ಟಿಗೆಯನ್ನು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ಕಳಿಸಿ ಹಿಂದಕ್ಕೆ ತರಿಸಿ ಬಿಚ್ಚಬೇಕು. ಎರಡು ತಿಂಗಳ ಈ ನೋಟದಲ್ಲಿ ಹಲವು ದೋಷಗಳು ಹೊರಬೀಳುತ್ತವೆ; ಆದರೂ ಚಳಿಗಾಲದಲ್ಲಿ ನೋಡಿದವರು ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಬೇಕು.

## ಒಟ್ಟು ನೋಟ

ಸಣ್ಣ ಬ್ರಾಂಡಿನ ಪ್ಯಾಕಿಂಗ್ ದುಬಾರಿಯಾಗುವುದು ಬಿಡಿಭಾಗಗಳ ಸಂಖ್ಯೆ ಹೆಚ್ಚಿದಾಗ ಮತ್ತು ಒಮ್ಮೆ ಕೊಡುವ ಖರ್ಚನ್ನು ಕಡಿಮೆ ಮಾಲಿನ ಮೇಲೆ ಹೇರಿದಾಗ. ಸಿದ್ಧ ಬಾಟಲಿ, ಹೊಂದುವ ಮುಚ್ಚಳ, ಜಿಡ್ಡು ಹಿಡಿಯದ ಒಂದು ಒಳ್ಳೆಯ ಲೇಬಲ್ ಇಷ್ಟರಲ್ಲೇ ಅಂಗಡಿಯ ಕಪಾಟಿನಲ್ಲಿ ತಲೆಯೆತ್ತಿ ನಿಲ್ಲುವ ಪ್ಯಾಕ್ ಮಾಡಬಹುದು. ಹೊರಪೆಟ್ಟಿಗೆ, ಗಾಜು, ಸ್ವಂತ ಅಚ್ಚು ಇವನ್ನು ಮಾರಾಟವೇ ಕೇಳುವವರೆಗೆ ಮುಂದೂಡುವುದು ಸರಿ. ಹೊಸದಾಗಿ ಶುರುಮಾಡುವವರು ಬಾಟಲಿ ಅಂಗಡಿಗೆ ಹೋಗುವ ಮೊದಲು, ತಮ್ಮ ಸರಕಿನ ಎಂಆರ್‌ಪಿಯಿಂದ ಹಿಂದಕ್ಕೆ ಎಣಿಸಿ ಪ್ಯಾಕಿಂಗಿಗೆ ಉಳಿಯುವ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಂಡು, ಆ ಮೊತ್ತ ಮೀರದಂತೆ ಆರಿಸಬೇಕು.